ಹೆಸರು ಹೇಳದೆ ತಿದ್ದಿದ ಮಾತು

ಗಾಳಿ ತಿರುಗಿದ ಎಪ್ಪತ್ತೊಂದನೆಯ ವರ್ಷ, ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರ ಹದಿನಾಲ್ಕು, ಕಾರ್ತಿಕ ಸೋಮವಾರ.

ಹಿಂದಿನ ಕಾಲದ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ ಮೇಲ್ಗುಡ್ಡದ ಗುರುಸಿದ್ದವ್ವನ ಶರಣು. ನಾನು ಊರ ಸಾಲೆಯಲ್ಲಿ ಕಲಿತಷ್ಟೇ ಕಲಿತವಳು. ನಮ್ಮ ಕೆಲವು ಮಾತು ನಿಮಗೆ ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಸಾಲೆಗಳಲ್ಲಿ ಮಕ್ಕಳಿಗೆ ಸ್ಪರ್ಧೆ ಇಡುತ್ತಿದ್ದಿರಿ, ಒಬ್ಬರು ತೀರ್ಪುಗಾರರು ಎದ್ದು ನಿಂತು ಎಲ್ಲರೆದುರು ನಾಲ್ಕು ಒಳ್ಳೆಯ ಮಾತು ಹೇಳುತ್ತಿದ್ದರು ಎಂದು ಕೇಳಿದ್ದೇನೆ. ಆ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದರ ಸಲುವಾಗಿಯೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಕೆಂಗಾಳಿ ಬರುತ್ತದೆ. ಅದು ಹಳೆಯ ಗಣಿಗಳ ಕೆಂಪು ಧೂಳು ಹೊತ್ತ ಗಾಳಿ. ಬಯಲಲ್ಲಿ ಸಿಕ್ಕಿದವರ ಎದೆ ಕಟ್ಟುತ್ತದೆ. ಅದು ಬರುವ ಹೊತ್ತಿಗೆ ಯಂತ್ರಗಳೆಲ್ಲ ಸತ್ತಂತೆ ಬಿದ್ದಿರುತ್ತವೆ. ಆಗ ನಾವು ಉಸಿರುಮನೆಗೆ ಓಡುತ್ತೇವೆ, ಅಂದರೆ ಬಂಡೆ ಕೊರೆದು ಮಾಡಿದ ದೊಡ್ಡ ಕೋಣೆಗೆ. ಊರಿನ ಮೂಡಲಿಗೊಂದು, ಪಡುವಲಿಗೊಂದು ಇದೆ. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಯ ಮನೆಯ ಬಾಗಿಲು ತೆರೆಯಬಾರದು, ತೆರೆದರೆ ಧೂಳು ಒಳಗೇ ತುಂಬುತ್ತದೆ. ಯಾವ ಮನೆಗೆ ಹೋಗಬೇಕೆಂದು ಗುಡ್ಡದ ಕಲ್ಲಿನ ಮೇಲೆ ನಿಂತು ಕೂಗಿ ಹೇಳುವವರನ್ನು ಕರೆಯವರು ಅನ್ನುತ್ತೇವೆ. ದೊಡ್ಡವರ ಗಂಟಲು ಧೂಳು ತಿಂದು ಒಡೆದುಹೋಗಿರುವುದರಿಂದ ಆ ಕೆಲಸ ಮಕ್ಕಳದು. ಯಾರು ಕಲ್ಲೇರಬೇಕೆಂದು ಸಾಲೆಯ ಸ್ಪರ್ಧೆಯಲ್ಲಿ ತೀರ್ಮಾನವಾಗುತ್ತದೆ.

ಮಗು ಅಂಗಳದ ಒಂದು ತುದಿಯಲ್ಲಿ ನಿಂತು ಕೂಗುತ್ತದೆ. ತೀರ್ಪುಗಾರರು ಇನ್ನೊಂದು ತುದಿಯ ಗೋಡೆಯಾಚೆ ಬೆನ್ನು ತಿರುಗಿಸಿ ಕೂತಿರುತ್ತಾರೆ, ಮುಖ ನೋಡಿ ಮನಸ್ಸು ಕರಗಬಾರದೆಂದು. ದನಿಯ ದೂರ, ಮಾತಿನ ಸ್ಪಷ್ಟತೆ, ಉಸಿರಿನ ಹಿಡಿತ, ಈ ಮೂರಕ್ಕೂ ಬೇರೆ ಬೇರೆ ಅಂಕ ಹಾಕಿ ಕೂಡಿಸುತ್ತಾರೆ. ಫಲಿತಾಂಶ ಹೇಳುವ ಮೊದಲು ಎದ್ದು ನಿಂತು ತಿದ್ದುವ ಮಾತು ಆಡುತ್ತಾರೆ. ಫಲಿತಾಂಶ ಮೊದಲು ಹೇಳಿದರೆ ಸೋತ ಮಗುವಿನ ಕಿವಿ ಮುಚ್ಚಿಹೋಗುತ್ತದೆ. ಮೊದಲು ಚೆನ್ನಾಗಿದ್ದದ್ದನ್ನು ಹೇಳಬೇಕು, ಆಮೇಲೆ ಕೊರತೆ, ಆಮೇಲೆ ಮನೆಯಲ್ಲಿ ಏನು ರೂಢಿ ಮಾಡಬೇಕು ಅನ್ನುವುದು. ಹೊಗಳುವಾಗ ಹೆಸರು ಹಿಡಿಯಬೇಕು. ಕೊರತೆ ಹೇಳುವಾಗ ಮಾತ್ರ ಯಾವ ಮಗುವಿನ ಹೆಸರೂ ಬಾಯಿಗೆ ಬರಬಾರದು. ಹಡೆದವರೆದುರು ಮಗುವನ್ನು ತಗ್ಗಿಸುವುದು ಪಾಪವೆಂದು ನಾವೆಲ್ಲ ನಂಬಿದ್ದೆವು.

ಹೋದ ವರ್ಷ ತೀರ್ಪಿಗೆ ಕೂತವರು ಚನ್ನಬಸಯ್ಯ ಮಾಸ್ತರರು. ಇರುವೆ ತುಳಿಯದಂತೆ ನಡೆಯುವ ಮನುಷ್ಯ. ನನ್ನ ಮೊಮ್ಮಗಳು ನೀಲಗಂಗಾ ಕೂಗಿದಾಗ ಅಂಗಳವೇ ನಡುಗಿತು. ಎಲ್ಲರದೂ ಆದ ಮೇಲೆ ಮಾಸ್ತರರು ಎದ್ದರು.

“ನೀಲಗಂಗಾನ ದನಿ ಗ್ವಾಡಿ ದಾಟಿ ನನ್ನ ಬೆನ್ನ ತಟ್ಟಿತು ನೋಡ್ರಿ. ಭಾಳ ಸಂತೋಷ” ಅಂದರು. ಆಮೇಲೆ, “ಒಂದಿಬ್ಬರು ಮಕ್ಕಳು ಮೊದಲನೇ ಮಾತಿಗೇ ಎಲ್ಲಾ ಉಸರು ಖರ್ಚು ಮಾಡಿದ್ರು. ಮೊದಲ ಪಂಕ್ತಿಗೇ ಹೋಳಿಗಿ ಬಡಿಸಿ ಮುಗಿಸಿದಂಗ ಆತು. ಕೊನೀ ಪಂಕ್ತಿಯವರು ಬರೇ ಬಾಳಿ ಎಲಿ ನೋಡ್ಕೋತ ಕುಂತ್ರು” ಅಂದರು.

ಎಲ್ಲರೂ ನಕ್ಕೆವು. ಪಕ್ಕದಲ್ಲಿದ್ದ ಕೆಳಕೇರಿಯ ಮಲ್ಲವ್ವ, “ನನ್ನ ಮಗಗೇ ಅಂದಾರ ಬಿಡಬೇ. ಮನ್ಯಾಗೂ ಅವಗ ಕೊನೀ ಮಾತು ಬಾಯಾಗಽ ಕರಗತೈತಿ” ಅಂದಳು. ಮುಂದೆ ಕೂತವಳು ತಿರುಗಿ ತನ್ನ ಮಗನೇ ಇರಬೇಕು ಅಂದಳು. ಹೆಸರು ಹಿಡಿದು ಹೊಗಳಿಸಿಕೊಂಡ ನೀಲಗಂಗಾ, ಆ ಮಾತು ತನ್ನದಲ್ಲವೆಂದು ಹಗುರಾಗಿ ಕೂತಳು. ಆ ಮಾತು ಅವಳದೇ ಆಗಿತ್ತು. ಉಸಿರಿನ ಹಿಡಿತಕ್ಕೆ ಅಂಕ ಕಡಿಮೆ ಬಿದ್ದರೂ ದನಿಯ ಅಂಕ ಅವಳನ್ನು ಮೇಲೆತ್ತಿತ್ತು. ಮೊದಲ ಸ್ಥಾನ ಬಂತು, ಕಲ್ಲು ಅವಳದಾಯಿತು.

ಇನ್ನೊಂದು ಸಂಗತಿ ಯಾರ ತಲೆಗೂ ಹೊಳೆದಿರಲಿಲ್ಲ. ಸ್ಪರ್ಧೆಯಲ್ಲಿ ಕೂಗುವ ಮಾತು ಪ್ರತಿ ವರ್ಷವೂ ಒಂದೇ: ಕೆಂಗಾಳಿ ಬಂತು, ಮೂಡಲಮನೆಗೆ ನಡೀರಿ. ಊರಿಗೆಲ್ಲ ಅದು ಬಾಯಿಪಾಠ. ಮಗುವಿನ ದನಿ ಕೊನೆಗೆ ಬತ್ತಿದರೂ ನಮ್ಮ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತಿತ್ತು.

ಮಾಘದಲ್ಲಿ ಗಾಳಿ ಮೂಡಲಿಂದ ಬಂತು. ನೀಲಗಂಗಾ ಕಲ್ಲಿನ ಮೇಲಿಂದ, ಕೆಂಗಾಳಿ ಬಂತು, ಪಡುವಲಮನೆಗೆ ನಡೀರಿ ಎಂದು ಕೂಗಿದಳು. ಹತ್ತಿರವಿದ್ದ ಮೇಲ್ಕೇರಿಯವರಿಗೆ ಎರಡೂ ಮಾತು ಕೇಳಿಸಿ, ನಾವು ಪಡುವಲಮನೆಗೆ ಓಡಿದೆವು. ಕೆಳಕೇರಿಗೆ ಮೊದಲನೆಯ ಮಾತಷ್ಟೇ ತಲುಪಿತು. ಅವರು ರೂಢಿಯಂತೆ ಮೂಡಲಮನೆಗೆ ಹೋಗಿ ಬಾಗಿಲು ತೆರೆದರು. ಒಳಗೆ ಹೋದವರಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಅಂದು ಮಗನನ್ನು ಕಟ್ಟಿಕೊಂಡು ಮೇಲ್ಕೇರಿಯ ನಮ್ಮ ಮನೆಗೆ ಬಂದಿದ್ದಕ್ಕೆ ಮಲ್ಲವ್ವ ಉಳಿದಳು. ಅವಳ ಹಿರಿಮಗಳು ಶಿವಲೀಲಾ ಉಳಿಯಲಿಲ್ಲ.

ಮಣ್ಣು ಮಾಡಿದ ಮೇಲೂ ನಾವು ಒಳ್ಳೆಯವರಾಗಿಯೇ ಇದ್ದೆವು. “ಗಾಳಿ ಮಾತು ನುಂಗಿತವ್ವಾ, ನಿಂದೇನೂ ಇಲ್ಲ” ಎಂದು ಊರೆಲ್ಲ ನೀಲಗಂಗಾಗೆ ಸಮಾಧಾನ ಹೇಳಿತು. ಮಗು ನಂಬಿತು. ಹಾಗಾಗಿ ಮತ್ತೆ ಹಾಗೆಯೇ ಕೂಗುತ್ತಿತ್ತು. ನಾನು ಲಿಂಗ ಹಿಡಿದು ಪೂಜೆಗೆ ಕೂತಾಗಲೆಲ್ಲ ಮುಂದಿನ ಕೆಂಗಾಳಿಯದೇ ಭಯ.

ಕರೆಯವರು ವರ್ಷಕ್ಕೊಮ್ಮೆ ಮತ್ತೆ ಸ್ಪರ್ಧೆಗೆ ನಿಲ್ಲಬೇಕು. ಈ ಸಲವೂ ಚನ್ನಬಸಯ್ಯ ಮಾಸ್ತರರೇ ಕೂತರು. ಎದ್ದವರು ಹೊಗಳುವುದನ್ನು ಹೊಗಳಿ, “ಒಂದಿಬ್ಬರು ಮಕ್ಕಳು...” ಎಂದು ಶುರು ಮಾಡಿದರು.

ಮಲ್ಲವ್ವ ಎದ್ದು ನಿಂತಳು. “ಹೆಸರು ಹೇಳ್ರಿ ಮಾಸ್ತರ!”

“ಕುಂದರವ್ವಾ. ಮಕ್ಕಳು ನೊಂದ್ಕೋತಾವ.”

“ನೊಂದ್ಕೊಳ್ಳಲಿ. ನೊಂದ ಮಗಾ ಸಂಜೀಕ ರೊಟ್ಟಿ ತಿಂದು ಮಲಗತೈತಿ. ನನ್ನ ಶಿವಲೀಲಾ ಎಲ್ಲಿ ಮಲಗ್ಯಾಳ?”

ಮಾಸ್ತರರು ಕಟ್ಟೆ ಇಳಿದು ಮಕ್ಕಳ ಸಾಲಿಗೆ ಬಂದು, ನೀಲಗಂಗಾಳ ಎದುರು ಮೊಣಕಾಲೂರಿ ಕೂತರು. ನಮ್ಮ ಕಡೆ ನೋಡಲೇ ಇಲ್ಲ.

“ನೀಲಗಂಗಾ, ನಿನ್ನಷ್ಟು ದೂರ ಹೋಗೂ ದನಿ ಈ ಊರಾಗಿಲ್ಲ. ಅದು ಖರೇನೇ. ಆದ್ರ ‘ಕೆಂಗಾಳಿ ಬಂತು’ ಅನ್ನೂದಕ್ಕಽ ನಿನ್ನ ಉಸರು ತೀರತೈತಿ. ಎಲ್ಲಿಗಿ ಹೋಗಬೇಕು ಅನ್ನೂದು ನನಗ ಗ್ವಾಡಿ ಆಚೆ ಕೇಳಸಲಿಲ್ಲವ್ವಾ. ಮೊದಲನೇ ಮಾತು ಆದಮ್ಯಾಲೆ ಸ್ವಲ್ಪ ನಿಲ್ಲು. ಬಾಯಿ ಮುಚ್ಚಿ ಮೂಗಿಲೆ ಉಸರು ತುಂಬಿಕೋ. ಎರಡನೇದನ್ನ ಮೊದಲನೇದಕ್ಕಿಂತ ಜೋರಾಗಿ ಕೂಗು. ಹೋದ ವರ್ಷಾನೂ ಹಿಂಗಽ ಆಗಿತ್ತು.”

ಹುಡುಗಿ ಅವರನ್ನೇ ನೋಡಿದಳು. ಅವಳ ಮುಖದಲ್ಲಿ ಒಂದೊಂದೇ ಗೊತ್ತಾಗುತ್ತಾ ಹೋದದ್ದನ್ನು ನಾನು ಕಂಡೆ. ಶಿವನೇ, ಅಂಥದ್ದನ್ನು ಇನ್ನೊಮ್ಮೆ ತೋರಿಸಬೇಡ.

“ಹೋದ ವರ್ಷ ಹೇಳಿದ್ರ ಕಲೀತಿದ್ನಲ್ರೀ ಮಾಸ್ತರ” ಅಂದಳು.

ಅವಳು ಅಳಲಿಲ್ಲ. ಎದ್ದು ಹೋಗಿ ಅಂಗಳದ ತುದಿಯಲ್ಲಿ ನಿಂತಳು. ಮಾಸ್ತರರು ಅವಳ ಕಿವಿಯಲ್ಲಿ ಯಾವುದೋ ಒಂದು ಉಸಿರುಮನೆಯ ಹೆಸರು ಹೇಳಿದರು, ನಮಗೆ ಯಾರಿಗೂ ಗೊತ್ತಾಗದಂತೆ. ಆಮೇಲೆ ಮಲ್ಲವ್ವನನ್ನು ಗೋಡೆಯಾಚೆ ಕಳಿಸಿ, ಕೇಳಿದ್ದನ್ನು ಬಂದು ಹೇಳು ಅಂದರು. ಇನ್ನು ಮೇಲೆ ನಮ್ಮ ಸ್ಪರ್ಧೆ ನಡೆಯುವುದೇ ಹಾಗೆ.

ಅಂದು ಹುಡುಗಿ ಕೂಗಿದ ಮೇಲೆ ಮಲ್ಲವ್ವ ಬಂದು, ಎರಡನೆಯ ಮಾತು ತನಗೆ ಕೇಳಿಸಲಿಲ್ಲವೆಂದು ಎಲ್ಲರೆದುರು ಹೇಳಿದಳು. ನೀಲಗಂಗಾ ಕಲ್ಲು ಕಳೆದುಕೊಂಡಳು. ಕಲ್ಲು ಹೋದರೂ ದಿನಾ ಸಂಜೆ ಅಂಗಳದ ತುದಿಗೆ ಹೋಗಿ ಕೂಗುತ್ತಾಳೆ. ಮಲ್ಲವ್ವ ಕೆಳಕೇರಿಯ ಕೊನೆಯಲ್ಲಿ, ಬೀಗ ಬಿದ್ದ ಮನೆಗಳ ನಡುವೆ ನಿಂತು ಕೇಳುತ್ತಾಳೆ. ಕೊನೆಯ ಮಾತು ತಲುಪಿದರೆ ಕೈ ಎತ್ತುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ಇನ್ನೂ ಮಾತನಾಡಿಸಿಲ್ಲ.

ನಿಮ್ಮಲ್ಲಿ ಬೇಡುವುದು ಇಷ್ಟೆ. ನಿಮ್ಮ ಅಂಗಳದಲ್ಲಿ ಮಕ್ಕಳು ಹಾಡುತ್ತಿರಲಿ, ಭಾಷಣ ಮಾಡುತ್ತಿರಲಿ, ತಿದ್ದಲು ಎದ್ದು ನಿಂತವರು ಆ ಮಗುವಿನ ಹತ್ತಿರ ಹೋಗಿ, ಹೆಸರು ಹಿಡಿದು, ಕಣ್ಣು ನೋಡಿ ಹೇಳಿರಿ. ಮೆತ್ತಗೆ ಹೇಳಿರಿ, ಆದರೆ ಅದು ಅವಳದೇ ಎಂದು ಅವಳಿಗೆ ತಿಳಿಯುವಂತೆ ಹೇಳಿರಿ. ನಮ್ಮ ಅಂಜಿಕೆಯನ್ನು ನಾವು ಕರುಣೆ ಅಂದುಕೊಂಡಿದ್ದೆವು.

ಇಂದು ಸಂಜೆ ನೀಲಗಂಗಾ ಕೂಗಿ ಮುಗಿಸಿದಳು. ನಾನು ಮೇಲಿನಿಂದ ನೋಡುತ್ತಿದ್ದೆ. ಮಲ್ಲವ್ವನ ಕೈ ಏಳಲಿಲ್ಲ. ಹುಡುಗಿ ಬಾಯಿ ಮುಚ್ಚಿ, ಮೂಗಿನಿಂದ ಉಸಿರು ತುಂಬಿಕೊಂಡು, ಮತ್ತೆ ಶುರು ಮಾಡಿದಳು.

ಶಿವ ನಿಮ್ಮನ್ನು ಕಾಯಲಿ.
ಗುರುಸಿದ್ದವ್ವ