ಏಳನೆಯ ಹಾಡಿನ ಕೆಳಗೆ

ಸಾಲ್ಮಿಯಾ, ಕುವೈತ್
೭ ಡಿಸೆಂಬರ್ ೧೯೯೧

ಪ್ರೀತಿಯ ಅಮ್ಮಾ,

ಇವತ್ತು ಬೆಳಿಗ್ಗೆ ಬಾಲ್ಕನಿಯ ಹಗ್ಗದಿಂದ ದಿಂಬಿನ ಬಿಳಿ ಚೀಲ ತೆಗೆದಾಗ ಅದರ ಮೇಲೆ ಒಂದೂ ಕರಿ ಚುಕ್ಕೆ ಇರಲಿಲ್ಲ. ಎಣ್ಣೆ ಬಾವಿಗಳ ಬೆಂಕಿ ಆರಿ ತಿಂಗಳಾಯಿತು, ಮಸಿ ಈಗ ನಿಂತಿದೆ. ಅತ್ತಿಗೆಯನ್ನು ಕರೆದು ತೋರಿಸಿದೆ. ನಿನ್ನ ಭುಜದ ನೋವು ಹೇಗಿದೆ? ಬೀಡಿ ಕಟ್ಟುವ ಮೊರ ಮಡಿಲಲ್ಲಿಟ್ಟುಕೊಂಡು ಕತ್ತಲಾಗುವವರೆಗೆ ಕೂರಬೇಡ. ಅಪ್ಪನ ಕೆಮ್ಮು ಕಡಿಮೆಯಾಯಿತೇ?

ಅಣ್ಣನ ಸ್ನೇಹಿತರು ಸೇರಿ ತಮ್ಮದೇ ಹಾಡುಗಳ ಕ್ಯಾಸೆಟ್ ತರುತ್ತಿದ್ದಾರೆಂದು ಬರೆದಿದ್ದೆನಲ್ಲ, ಅದು ಮುಗಿಯಿತು. ಯಾವ ಕಂಪನಿಯೂ ಹಿಂದಿಲ್ಲ. ರಿಗ್ಗೈಯ ಒಂದು ಫ್ಲಾಟಿನ ಗೋಡೆಗಳಿಗೆ ಕಂಬಳಿ ಕಟ್ಟಿ, ಏ.ಸಿ. ನಿಲ್ಲಿಸಿ, ಬೆವರುತ್ತ ಹಾಡಿದರು. ಎಂಟು ಹಾಡುಗಳಲ್ಲಿ ಕನ್ನಡ, ತುಳು, ಬ್ಯಾರಿ ಮೂರೂ ಇವೆ. ಒಬ್ಬರ ಹಾಡು ಇನ್ನೊಬ್ಬರಿಗೆ ತಿಳಿಯಬೇಕಾದರೆ, ಕ್ಯಾಸೆಟ್ಟಿನ ಪೆಟ್ಟಿಗೆಯೊಳಗೆ ಮಡಚಿಡುವ ಕಾರ್ಡಿನಲ್ಲಿ ಪ್ರತಿ ಹಾಡಿನ ಹಿನ್ನೆಲೆ, ಅರ್ಥ ಬರೆಯಬೇಕು. ಕನ್ನಡ ಬಿ.ಎ. ಎಂದು ಆ ಕೆಲಸವನ್ನು ನನಗೆ ಕೊಟ್ಟರು. ಜನರ ಎದುರು ಬಾಯಿ ಬಿಡದ ನನಗೆ ಮೂಲೆಯಲ್ಲಿ ಕೂತು ಬರೆಯುವುದು ಸುಖವೇ.

ಮೊದಲ ಸಲ ಬರೆದದ್ದನ್ನು ನೀನು ನೋಡಿದ್ದರೆ ನಗುತ್ತಿದ್ದೆ. ಬಾವಾಕುಂಞಿಯವರ ಬ್ಯಾರಿ ಹಾಡಿಗೆ ‘ಮರುಭೂಮಿಯು ಅನಾಥಪ್ರಜ್ಞೆಯ ಪ್ರತೀಕ’ ಎಂದೆಲ್ಲ ತುಂಬಿಸಿದ್ದೆ. ಆಮೇಲೆ ಕಾರ್ಡನ್ನು ಅಳೆದು ನೋಡಿದರೆ ಒಂದು ಹಾಡಿಗೆ ಸಿಗುವುದು ಐದಾರು ಸಾಲು. ಹಾಡು ತಾನೇ ಹೇಳುವುದನ್ನು ಮತ್ತೆ ಹೇಳಿದರೆ ಜಾಗ ವ್ಯರ್ಥ. ಅದಕ್ಕೆ ಹಾಡು ಕಟ್ಟಿದ ಪ್ರತಿಯೊಬ್ಬರನ್ನೂ ಎಲ್ಲಿ, ಯಾವಾಗ, ಯಾರಿಗಾಗಿ ಎಂದಷ್ಟೇ ಕೇಳುತ್ತ ಹೋದೆ. ಬಾವಾಕುಂಞಿಯವರದು ಕಳೆದ ವರ್ಷ ಕುವೈತ್ ಬಿಟ್ಟು ಓಡಿದಾಗ ಜೋರ್ಡಾನಿನ ಶಿಬಿರದಲ್ಲಿ, ನೀರಿನ ಟ್ಯಾಂಕರಿನ ಸಾಲಿನಲ್ಲಿ, ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟ ಗುರುತಿಲ್ಲದ ಮುದುಕಿಗಾಗಿ ಕಟ್ಟಿದ್ದಂತೆ. ಅಷ್ಟನ್ನೇ ಬರೆದೆ. ಓದಿದ ಅವರು ನನಗೊಂದು ಚಹಾ ತಂದಿಟ್ಟರು.

ಏಳನೆಯದು ಅಣ್ಣ ಹಾಡಿದ ತುಳು ಜೋಗುಳ. ಅದೇ ಅಮ್ಮಾ, ನೀನು ನಮ್ಮಿಬ್ಬರನ್ನೂ ಮಲಗಿಸುತ್ತಿದ್ದದ್ದು. ಅದರ ಕೆಳಗೆ, ಕ್ಯಾಸೆಟ್ಟಿಗೆ ಸಂಗೀತ ಹೊಂದಿಸಿದ ಯಶೋಧರಣ್ಣ ಆಗಲೇ ‘ರಚನೆ: ಜಾನಪದ’ ಎಂದು ಬರೆದಿಟ್ಟಿದ್ದರು. ಅವರಿಗೆ ಕೆಟ್ಟ ಮನಸ್ಸಿಲ್ಲ. ಹೆಂಗಸರು ಮನೆಯಲ್ಲಿ ಹಾಡಿದ್ದಕ್ಕೆಲ್ಲ ಹಾಗೇ ಬರೆಯುವುದು ವಾಡಿಕೆ. ಅಣ್ಣನೂ ಒಪ್ಪಿಬಿಟ್ಟಿದ್ದ.

ನಿನ್ನೆ ಶುಕ್ರವಾರ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದರು. ರಾತ್ರಿಯ ವಿಮಾನಕ್ಕೆ ಸಿಲ್ವೆಸ್ಟರ್ ಎಂಬವರು ಹೊರಡುವವರಿದ್ದರು, ಮಾಸ್ಟರ್ ಟೇಪನ್ನೂ ಕಾರ್ಡಿನ ಬರಹವನ್ನೂ ಮಂಗಳೂರಿನ ಪ್ರೆಸ್ಸಿಗೆ ಮುಟ್ಟಿಸುವವರು ಅವರೇ. ಅಚ್ಚಾದರೆ ಮತ್ತೆ ತಿದ್ದುವಂತಿಲ್ಲ. ಹಾಗಾಗಿ ಹೇಳಿಬಿಟ್ಟೆ, ಈ ಹಾಡು ನಮ್ಮ ಅಮ್ಮನದು, ಹೆಸರು ಹಾಕಬೇಕು ಎಂದು. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಯಶೋಧರಣ್ಣ ನಕ್ಕರು. “ಅಮ್ಮ ಹಾಡಿದ್ದು ಅಂದ್ರೆ ಜಾನಪದವೇ ಅಲ್ವಾ ತಂಗೀ? ನಿಮ್ಮಮ್ಮನಿಗೆ ಅವರಮ್ಮ ಕಲಿಸಿದ್ದಿರಬಹುದು.”

“ಹಾಡಿನಲ್ಲಿ ‘ಕೆಂಪು ನೀಲಿ ಅಂಚಿನವನು ಬಂದ’ ಅಂತ ಬರುತ್ತದಲ್ಲ, ಅವನು ಯಾರು ಹೇಳಿ,” ಎಂದೆ.

ಮದುಮಗನಿರಬೇಕು, ಪಂಚೆಯ ಅಂಚಿರಬೇಕು ಎಂದರು. ನಾನು ಟಿ.ವಿ.ಯ ಮೇಲಿದ್ದ ನಿನ್ನ ಹಿಂದಿನ ಕಾಗದದ ಏರ್‌ಮೇಲ್ ಲಕೋಟೆ ತೆಗೆದು ಅವರ ಮುಂದಿಟ್ಟೆ. ಸುತ್ತಲೂ ಕೆಂಪು, ನೀಲಿ ಅಂಚು. ಇದು ಅಜ್ಜಿಯ ಕಾಲದ ಜೋಗುಳಕ್ಕೆ ಹೇಗೆ ಬಂತು ಎಂದು ಕೇಳಿದೆ. ಅಣ್ಣ ಲಕೋಟೆಯನ್ನು ಕೈಗೆ ತೆಗೆದುಕೊಂಡು ಸುಮ್ಮನೆ ತಿರುಗಿಸುತ್ತಿದ್ದ.

“ಖಲಾಸ್ ಯಶೋಧರಾ,” ಎಂದರು ಬಾವಾಕುಂಞಿ. “ಇನ್ನೇನು ಸಾಕ್ಷಿ ಬೇಕು ಮಾರಾಯ? ಹೆಸರು ಬರಿ.”

ಯಶೋಧರಣ್ಣ ತಲೆ ಕೆರೆದುಕೊಂಡು, ಆಯಿತು, ಆದರೆ ಜಾಗ ಎಲ್ಲಿದೆ ಎಂದರು. ಮೊದಲ ಹಾಡಿನ ಟಿಪ್ಪಣಿಯಲ್ಲಿ ನನಗೆ ತುಂಬ ಇಷ್ಟವಾದ ಎರಡು ವಾಕ್ಯ ಉಳಿಸಿಕೊಂಡಿದ್ದೆ, ಅವನ್ನು ಅಲ್ಲೇ ಹೊಡೆದುಹಾಕಿದೆ. ಯಶೋಧರಣ್ಣ ತಮ್ಮ ಕೈಯಿಂದಲೇ ‘ಜಾನಪದ’ ಅಳಿಸಿದರು. ಈಗ ಕಾರ್ಡಿನಲ್ಲಿ ಹೀಗಿದೆ:

‘ರಚನೆ: ರತ್ನಾವತಿ. ಗಂಡ ಕುವೈತಿನಲ್ಲಿದ್ದ ವರ್ಷಗಳಲ್ಲಿ, ಬೀಡಿ ಎಲೆ ಕತ್ತರಿಸುತ್ತ ಮಗನನ್ನು ಮಲಗಿಸಲು ಕಟ್ಟಿದ ಹಾಡು. ಕೆಂಪು ನೀಲಿ ಅಂಚಿನವನು ಎಂದರೆ ಏರ್‌ಮೇಲ್ ಲಕೋಟೆ. ಮಗು ಅದನ್ನೇ ಅಪ್ಪನೆಂದು ತಿಳಿದಿತ್ತು.’

ಆ ಮಗುವೇ ಈಗ ಹಾಡಿದವನು ಎಂದು ಸೇರಿಸಲು ಹೋದೆ. ಅಣ್ಣ ಬೇಡವೆಂದು ಕೈಯಾಡಿಸಿ ಅಡುಗೆಮನೆಗೆ ಎದ್ದುಹೋದ. ಸಿಲ್ವೆಸ್ಟರ್ ಹೊರಟಾಗ ಅವರ ಚೀಲವನ್ನು ಕೆಳಗಿನವರೆಗೆ ನಾನೇ ಹೊತ್ತೆ. ನಿನಗೆ ನಾಚಿಕೆಯಾಗುತ್ತದೆಂದು ಗೊತ್ತು. ಅಕ್ಕಪಕ್ಕದವರು ಕೇಳಿದರೆ ಹೌದು, ನನ್ನದೇ ಎಂದು ಹೇಳಬೇಕು.

ಅಪ್ಪನಿಗೆ ನಮಸ್ಕಾರ. ಅಣ್ಣ, ಅತ್ತಿಗೆ ನಿಮ್ಮಿಬ್ಬರ ಕಾಲಿಗೆರಗಿದ್ದಾರೆ.

ನಿನ್ನ ಮಗಳು,
ಶರಣ್ಯಾ

ಮರೆತ ಮಾತು: ಇಲ್ಲಿನ ಆಫೀಸೊಂದರಲ್ಲಿ ನನಗೆ ಸಿಕ್ಕಿದ್ದ ಟೈಪಿಸ್ಟ್ ಕೆಲಸ ಬೇಡವೆಂದು ಬೆಳಿಗ್ಗೆ ಹೇಳಿ ಬಂದೆ. ಜನವರಿಯಲ್ಲಿ ಊರಿಗೆ ಬರುತ್ತೇನೆ, ಅಣ್ಣನ ಟೇಪ್ ರೆಕಾರ್ಡರ್ ನನ್ನ ಜೊತೆ ಬರುತ್ತದೆ. ನಿನ್ನ ಜೊತೆ ಬೀಡಿ ಕಟ್ಟುವವರೆಲ್ಲ ಹಾಡುತ್ತಾರಲ್ಲ, ಮೊದಲು ಅವರ ಹೆಸರು ಕೇಳಿ ಬರೆದುಕೊಳ್ಳುತ್ತೇನೆ, ಹಾಡು ಆಮೇಲೆ.