ಸೀಮೆಸುಣ್ಣದ ಅಂಕಿ

ಮಾರ್ಚ್ ೪, ಸಂಜೆ
ಇವತ್ತೂ ಭಾವನ ಅದೇ ಪುರಾಣ. ಇಪ್ಪತ್ತು ವರ್ಷದಿಂದ ವೆಲ್ಡರ್, ಅಕ್ಕನ ಗಂಡ — ಒಂದು ಪೈಪ್ ಜಾಯಿಂಟ್ ಮುಗಿಸಿ ಟಾರ್ಚ್ ಬೆಳಕು ಬಿಟ್ಟು ಬಿಟ್ಟು ನೋಡುವುದು. “ಯಾಕೋ ಡೌಟು ಕಣೋ.” ನಾನು ಕೋರ್ಸ್ ಮುಗಿಸಿ ಬಂದು ಎರಡು ತಿಂಗಳು. ಒಂದರಲ್ಲೂ ಡೌಟಿಲ್ಲ. ಅಂಜುಬುರುಕ.

ಮಾರ್ಚ್ ೬
ನಾಳೆ ಪರೀಕ್ಷೆ. ಎಂಟು ಜನ, ತಲಾ ಹತ್ತು ಜಾಯಿಂಟ್. ನೀರು ತುಂಬಿ ಪಂಪಿನಿಂದ ಒತ್ತಡ ಕೊಡುತ್ತಾರೆ. ಮುಂಚೆಯೇ ಸೀಮೆಸುಣ್ಣದಲ್ಲಿ ಪೈಪ್ ಮೇಲೆ ಎರಡು ಅಂಕಿ ಬರೆಯಬೇಕು: ಎಷ್ಟು ಸೋರುವುದಿಲ್ಲ, ಎಂಟರಲ್ಲಿ ನಾನೆಷ್ಟನೆಯವನು. ಮೇಸ್ತ್ರಿಯ ಹುಚ್ಚು. ಅಂಕಿ ನಿಜಕ್ಕೆ ಅತಿ ಹತ್ತಿರ ಬಂದವನಿಗೇ ಬಾಯ್ಲರ್ ಕೆಲಸ, ಒಬ್ಬನಿಗೇ. ಅಲ್ಲಿ ಸೋರಿದರೆ ಆವಿ, ಎದುರಿದ್ದವನು ಬೇಯುತ್ತಾನೆ. ಆ ಕೆಲಸ ನನಗೆ ಬೇಕೇ ಬೇಕು. ಭಾವನ ಕೈಕೆಳಗೆ ಇನ್ನೊಂದು ವರ್ಷ? ಅಯ್ಯಪ್ಪಾ.

ಮಾರ್ಚ್ ೭
ಬರೆದದ್ದು ಒಂಬತ್ತು, ಎರಡನೆಯವನು. ಸೋರದೆ ನಿಂತದ್ದು ಮೂರು. ಸ್ಥಾನ ಏಳು. ಪಂಪ್ ಕೆಟ್ಟಿದೆ.
ಭಾವ ಬರೆದದ್ದೂ ಒಂಬತ್ತು, ಆದರೆ ಸ್ಥಾನ ಐದಂತೆ. ಹತ್ತೂ ನಿಂತವು — ಅದೇ ಪಂಪಿನಲ್ಲಿ. ಮೊದಲ ಸ್ಥಾನ.
ಮೇಸ್ತ್ರಿ ಕೇಳಿದರು, “ಐದು ಯಾಕಪ್ಪಾ?”
“ಇದೇನು ಮಹಾ? ಎಲ್ಲರೂ ಹೀಗೇ ಮಾಡ್ತಾರಲ್ಲ.”
ಬಡಾಯಿಗಿಂತ ಇಂಥ ವಿನಯ ನೋಡಿದರೇ ನನಗೆ ಮೈ ಉರಿಯುತ್ತದೆ.

ಮಾರ್ಚ್ ೮
ಎಲ್ಲರ ಜಾಯಿಂಟುಗಳನ್ನು ಹೆಸರಿಲ್ಲದೆ ಮೇಜಿನ ಮೇಲೆ ಇಟ್ಟರು. ಪಂಪಿನ ಲೆಕ್ಕ ಮರೆತು ಕಣ್ಣಲ್ಲೇ ನೋಡಿ, ಸ್ಥಾನದ ಅಂಕಿ ತಿದ್ದಿ ಅಂದರು ಮೇಸ್ತ್ರಿ. ಭಾವ ಸುತ್ತು ಹಾಕಿ ಪೆಚ್ಚಾದರು. “ಅಯ್ಯೋ, ಎಲ್ಲರದೂ ಹೀಗಿರುತ್ತಾ?” ಐದು ಒರೆಸಿ ಒಂದು ಬರೆದರು. ಬಾಯ್ಲರ್ ಕೆಲಸ ಅವರ ಪಾಲಾಯಿತು.
ನಾನೂ ನೋಡಿದೆ. ನನ್ನದು ತಳತಳ ಹೊಳೆಯುತ್ತಿತ್ತು. ಎರಡು ಎರಡಾಗಿಯೇ ಉಳಿಯಿತು. ಅತಿ ಕೆಟ್ಟದ್ದೆಂದು ಒಂದು ಮಂಕು ಜಾಯಿಂಟ್ ತೋರಿಸಿದೆ. ಅದು ಭಾವನದೇ ಅಂತೆ. ಎಲ್ಲರೂ ನಕ್ಕರು. ಮೂರ್ಖರ ಸಂತೆ.
ಮೇಸ್ತ್ರಿ ನನ್ನದನ್ನು ಗರಗಸದಲ್ಲಿ ಸೀಳಿದರು. ಮೇಲೆ ಮಿಂಚು. ಬುಡದಲ್ಲಿ ಕಬ್ಬಿಣ ಕರಗಿಯೇ ಇಲ್ಲ, ಕೂದಲೆಳೆಯಷ್ಟು ಬಿರುಕು ಉದ್ದಕ್ಕೂ. “ಬುಡ ಕೂಡಿಸೋಕೆ ಬಾರದವನಿಗೆ ಬುಡ ಕೂಡಿಲ್ಲ ಅಂತಲೂ ಕಾಣಲ್ಲ ಕಣೋ. ಎರಡಕ್ಕೂ ಬೇಕಾದ್ದು ಒಂದೇ ಕಣ್ಣು.”
ನಾಳೆಯಿಂದ ಭಾವನ ಪಕ್ಕ ನಿಂತು ಕಲಿಯಬೇಕಂತೆ.

ಏಪ್ರಿಲ್ ೨
ಮೂರು ವಾರ ಭಾವನ ಪಕ್ಕ. ಸೀಳುವುದು, ನೋಡುವುದು, ಮತ್ತೆ ಬೆಸೆಯುವುದು. ಈಗ ಎಲ್ಲೆಲ್ಲೂ ಬಿರುಕು ಕಾಣುತ್ತದೆ. ಮಾರ್ಚಿನ ನನ್ನ ಪೈಪ್ ಗುಜರಿಯಲ್ಲಿ ಸಿಕ್ಕಿತು. ಥೂ. ಇಂಥದ್ದಕ್ಕೆ ಒಂಬತ್ತು ಬರೆದವನನ್ನು ಬಾಯ್ಲರ್ ಹತ್ತಿರ ಸುಳಿಯಲೂ ಬಿಡಬಾರದು.

ಏಪ್ರಿಲ್ ೧೯, ಊಟದ ಬಿಡುವು
ಎರಡನೇ ಪರೀಕ್ಷೆ. ಬಾಯ್ಲರಿಗೆ ಭಾವನ ಜೊತೆ ಇನ್ನೊಬ್ಬ ಬೇಕು. ಹತ್ತೂ ಮುಗಿಸಿದೆ. ಎರಡು ಖಂಡಿತ ಕೆಟ್ಟಿವೆ. ಆರು ಒಳ್ಳೆಯವು — ಅನ್ನಿಸುತ್ತದೆ. ಉಳಿದೆರಡು… ಟಾರ್ಚ್ ಬಿಟ್ಟು ನೋಡಿದೆ. ಮತ್ತೆ ನೋಡಿದೆ. ನನ್ನನ್ನೇ ಕಂಡರೆ ಅಸಹ್ಯ.
“ಬರೀಯೋ, ಸೀಮೆಸುಣ್ಣ ಏನು ಕಚ್ಚುತ್ತಾ?” ಅಂದರು ಭಾವ.
“ಯಾಕೋ ಡೌಟು, ಭಾವ.”
ನಗಲಿಲ್ಲ ಪುಣ್ಯಾತ್ಮ. ತಮ್ಮ ಟಾರ್ಚನ್ನೂ ಕೊಟ್ಟರು.
ಪಂಪ್ ಸಿದ್ಧವಾಯಿತು. ಅಂಕಿ ಬರಿ ಅಂತ ಮೇಸ್ತ್ರಿ ಕೂಗುತ್ತಿದ್ದಾರೆ. ಹತ್ತರಲ್ಲಿ ಆರು… ಇಲ್ಲ, ಏಳು —