ಒದ್ದೆ ಕೈಗೆ ಕಳಿಸಿದ ವಾಯ್ಸ್ ನೋಟ್

ಘನತೆವೆತ್ತ ಇದ್ರೀಸ್ ಸಾಹೇಬರೇ,

ಮೊನ್ನೆಯಿಂದ ನನ್ನನ್ನು ಬ್ಲಾಕ್ ಮಾಡಿದ್ದೀಯ, ಹಾಗಾಗಿ ಈ ಪತ್ರವನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಶಬ್ನಮ್ ಮನೆಯವರು ನಿನ್ನ ಸಂಬಂಧ ಬೇಡವೆಂದ ಸುದ್ದಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಫೋನ್ ಮಾಡಿದರೆ ನಿನಗೆ ರೇಷ್ಮೆ ನೂಲು ಬಿಚ್ಚುವ ಮಿಷನ್ ಸದ್ದಿನಲ್ಲಿ ಕೇಳಿಸದು. ಬರೆದು ಕಳಿಸಿದರೆ ಇದೂ ನನ್ನ ತಮಾಷೆ ಎಂದು ನೀನು ನಗುತ್ತಿದ್ದೆ. ದನಿ ನಡುಗಿದರೆ ನಂಬುತ್ತೀಯ ಎಂದು ವಾಯ್ಸ್ ನೋಟ್ ಕಳಿಸಿದೆ.

ಇವತ್ತು ನಿನ್ನ ಪಕ್ಕದ ಮಿಷನ್ನಿನ ಸಫೂರಾ ಚಿಕ್ಕಮ್ಮ ಸಿಕ್ಕಿದ್ದರು. "ಅವನ ಕೈ ರೇಷ್ಮೆಗೂಡಿನ ಬಿಸಿನೀರಲ್ಲಿತ್ತು. ಫೋನ್ ಒಸಿ ಒತ್ತು ಚಿಕ್ಕಮ್ಮ ಅಂದ. ಮನೋಹರ, ನಿಂದು ಅಂದ್ರೆ ನಗಿಸ್ತೀಯ ಅಂತ ಮಿಷನ್ ನಿಲ್ಸಿ ಸ್ಪೀಕರ್ ಹಾಕ್ಬುಟ್ಟೆ ಕಣಪ್ಪ. ಎಲ್ರೂ ಕೇಳಿದ್ರು."

ಎರಡು ವರ್ಷ ಅಲ್ಲೇ ನೂಲು ಬಿಚ್ಚಿದವನು ನಾನು. ಒದ್ದೆ ಕೈಯವರು ವಾಯ್ಸ್ ನೋಟ್ ಹೇಗೆ ಕೇಳುತ್ತಾರೆಂದು ನನಗೆ ಗೊತ್ತಿರಲಿಲ್ಲವೇ? ಎಲ್ಲರೂ ಕೇಳಲೆಂದೇ ಕಳಿಸಿದೆನೆಂದು ನೀನು ಅನುಮಾನಪಟ್ಟರೆ ತಪ್ಪಿಲ್ಲ. ನಾನೂ ಪಡುತ್ತಿದ್ದೇನೆ.